ದೂರದ ಅಣ್ಣನಿಗೆ ಒಂದು ಕೊಬ್ಬರಿ ಬಟ್ಟಲಿನ ನೆನಪು

ಪ್ರಶ್ನೆ: ಅಣ್ಣ ವಿದೇಶದಲ್ಲಿದ್ದಾನೆ, ಮಾತು ಕಡಿಮೆಯಾಗಿದೆ. ರಾಖಿ ಹಬ್ಬಕ್ಕೆ ಬಾಲ್ಯದ ನೆನಪುಗಳಿರುವ ಒಳ್ಳೆಯ ಸಂದೇಶ ಹೇಗೆ ಬರೆಯಲಿ?

2023ರ ರಾಖಿ ಹಬ್ಬದಂದು ಮಸ್ಕತ್ತಿನಲ್ಲಿರುವ ನನ್ನ ಅಣ್ಣನಿಗೆ ನಾನು ಬಹಳ ಉದ್ದದ ಸಂದೇಶ ಬರೆದಿದ್ದೆ. ಜೋಕಾಲಿ, ಜಗಳ, ಅವ್ವನ ಕೈಯ ಶೇಂಗಾ ಉಂಡಿ, ಎಲ್ಲವೂ ಅದರಲ್ಲಿತ್ತು. ಅವನಿಂದ ಬಂದದ್ದು ಕೈಮುಗಿದ ಚಿತ್ರವೊಂದೇ.

ತಪ್ಪು ಬರಹದಲ್ಲಿರಲಿಲ್ಲ, ಅದನ್ನು ಮನೆಮಂದಿಯೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಪ್ಪು. ಮೂರು ವರ್ಷ ಊರಿಗೆ ಬಾರದಿದ್ದವನಿಗೆ “ನಿನ್ನ ದಾರಿ ಕಾಯುತ್ತಿದ್ದೇವೆ” ಎಂದು ನಾನು ಪ್ರೀತಿಯಿಂದಲೇ ಬರೆದಿದ್ದೆ. ಆದರೆ ಕಾಕಾ, ಅತ್ತಿಗೆಯ ತವರಿನವರು, ಎಲ್ಲರೂ ಓದುವ ಕಡೆ ಆ ಮಾತು ಅವನ ಮೇಲಿನ ದೂರಾಯಿತು. ಒಬ್ಬೊಬ್ಬರೂ ಅದರ ಕೆಳಗೆ “ಯಾವಾಗ ಬರ್ತಿಯಪ್ಪಾ” ಎಂದು ಕೇಳತೊಡಗಿದರು. ರಜೆ ಸಿಗದ ಸಂಕಟವನ್ನು ಅವನು ಅಷ್ಟು ಜನರ ಮುಂದೆ ಹೇಳಿಕೊಳ್ಳುವುದು ಸಾಧ್ಯವಿರಲಿಲ್ಲ. ನನಗೊಬ್ಬಳಿಗೇ ಹೇಳಬಹುದಾಗಿದ್ದ ಉತ್ತರದ ಬಾಗಿಲನ್ನು ನಾನೇ ಮುಚ್ಚಿದ್ದೆ. ಆಮೇಲೆ ಸುಮಾರು ಒಂದು ವರ್ಷ ಅವನು ತಾನಾಗಿ ಫೋನ್ ಮಾಡಲಿಲ್ಲ.

ಆದ್ದರಿಂದ ಒಳ್ಳೆಯ ಸಾಲುಗಳನ್ನು ಹುಡುಕಬೇಡಿ, ನೆನಪುಗಳ ಪಟ್ಟಿಯನ್ನೂ ಮಾಡಬೇಡಿ. ಒಂದೇ ನೆನಪನ್ನು ಆರಿಸಿ ಅವನೊಬ್ಬನಿಗೇ ಕಳಿಸಿ. ರಾಖಿಯ ದಿನವೇ ಆಗಬೇಕೆಂದೂ ನನಗನ್ನಿಸುವುದಿಲ್ಲ. ನಮ್ಮ ಧಾರವಾಡದ ಕಡೆ ಅಣ್ಣತಂಗಿಯರ ಹಬ್ಬವೆಂದರೆ ನೂಲ ಹುಣ್ಣಿಮೆಗಿಂತ ಹತ್ತು ದಿನ ಮೊದಲು ಬರುವ ಪಂಚಮಿ. ಆಗ ಮಕ್ಕಳು ಒಣಕೊಬ್ಬರಿ ಬಟ್ಟಲಿಗೆ ಎರಡು ತೂತು ಹಾಕಿ, ದಾರ ಪೋಣಿಸಿ, ಹುರಿ ಮಾಡಿ ಎಳೆದು ಗಿರ್ರನೆ ತಿರುಗಿಸುತ್ತಾರೆ. ಅಂಚು ಕಡಿದ ಬಟ್ಟಲು ಒಂದು ಕಡೆ ವಾಲಿ ನಿಂತುಬಿಡುತ್ತದೆ. ನನ್ನದು ಯಾವಾಗಲೂ ಹಾಗೆಯೇ ನಿಲ್ಲುತ್ತಿತ್ತು.

2024ರ ಪಂಚಮಿ ಆಗಸ್ಟ್ 9ರ ಶುಕ್ರವಾರ ಬಂದಿತ್ತು, ಅವನಿಗೆ ವಾರದ ರಜೆ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದಿರುವುದರಿಂದ, ಹತ್ತೂವರೆಯವರೆಗೆ ತಡೆದು, ಮನೆಯ ಮಾತಿನಲ್ಲೇ ಬರೆದೆ:

“ಅಣ್ಣಾ, ಮಗಳಿಗೆ ಕೊಬ್ಬರಿ ಬಟ್ಟಲ ಮಾಡಾಕ ಹೋದೆ, ತೂತ ಹಾಕೂಮುಂದ ಸೀಳಿಹೋತು. ನೀ ದಬ್ಬಣ ಕಾಸಿ ಹಾಕ್ತಿದ್ದಿ ಅಲ್ಲ, ಎರಡು ತೂತಿನ ನಡುವ ಎಷ್ಟು ಜಾಗ ಬಿಡತಿದ್ದಿ? ನಾ ಕಡದ ಬಟ್ಟಲ ನೀ ಇಟಗೊಂಡು ನಿಂದು ನನಗ ಕೊಟ್ಟಿದ್ದಿ, ನೆನಪೈತೇನು?”

ಇದರಲ್ಲಿ “ಯಾವಾಗ ಬರುತ್ತೀ” ಎಂಬುದಿಲ್ಲ, “ಮರೆತೆಯಾ” ಎಂಬುದಿಲ್ಲ. ಅವನಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯಿದೆ. ನೀವೂ ಅಂಥದ್ದೊಂದನ್ನು ಕೇಳಿ.

ಹತ್ತು ನಿಮಿಷದಲ್ಲಿ ಫೋನ್ ಬಂತು. ಅಣ್ಣ ಕುಶಲವನ್ನೂ ಕೇಳಲಿಲ್ಲ. “ಒಂದು ಬೆರಳಿನಷ್ಟ ಜಾಗ ಬಿಡು. ಮತ್ತ ಆ ಬಟ್ಟಲ ನಾ ಕೊಟ್ಟಿದ್ದಿಲ್ಲ, ನೀನ ಕಸಗೊಂಡಿದ್ದಿ” ಎಂದ.