ಕನ್ನಡದಲ್ಲಿ ಒಬ್ಬರೇ ಈಶ್ವರ

ಕಳೆದ ವಾರ ಬೆಂಗಳೂರಿನಿಂದ ಫೋನ್ ಮಾಡಿದಾಗ ನೀನು ಕೇಳಿದ ಪ್ರಶ್ನೆಗೆ ನಾನು ಆಗ ನಕ್ಕು ಸುಮ್ಮನಾದೆ. "ಕೇರಳದಲ್ಲಿ ಇದ್ದುಕೊಂಡು ಎಲ್ಲದಕ್ಕೂ ಕನ್ನಡದಲ್ಲಿ ಸಹಿ ಹಾಕುತ್ತೀ, ಅದಕ್ಕೇ ನಿನ್ನ ವಿಮೆಯ ಹಣ ತಡವಾಯಿತು, ಅಲ್ಲವೇ?" ಎಂದೆಯಲ್ಲ, ಅದರಲ್ಲಿ ಕುಹಕವಿರಲಿಲ್ಲ, ಗೊತ್ತು. ಮಂಗಳೂರಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದವಳಿಗೂ ಹೀಗೆ ಅನ್ನಿಸುವುದಾದರೆ ಬರೆದೇ ತಿಳಿಸುವುದು ಮೇಲು ಎಂದುಕೊಂಡು ಈ ಉತ್ತರ ಬರೆಯುತ್ತಿದ್ದೇನೆ. ನನ್ನ ಕನ್ನಡ ಸಹಿಯಿಂದ ಆದ ತೊಂದರೆ ಬಹಳ ಸಣ್ಣದು. ಕ್ಲೇಮ್ ನಮೂನೆಯ ಕೊನೆಯಲ್ಲಿ, ಇಂಗ್ಲಿಷಿನಲ್ಲಿರುವ ಒಕ್ಕಣೆಯನ್ನು ನನಗೆ ನನ್ನ ಭಾಷೆಯಲ್ಲಿ ವಿವರಿಸಿ ಹೇಳಲಾಗಿದೆ ಎಂದು ಬೇರೊಬ್ಬರು ಬರೆದು ಸಹಿ ಮಾಡಬೇಕು, ಅಷ್ಟೇ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಎರಡು ಪುಟಗಳನ್ನು ನೆರೆಮನೆಯ ಹುಡುಗ ವಿವರಿಸಿದನೆಂದು ದಾಖಲೆಯಲ್ಲಿದೆ. ಇರಲಿ.

ನಿಜವಾದ ತೊಡಕು ನಮ್ಮ ಯಜಮಾನರ ಹೆಸರಿನದು. ಅವರ ಹೆಸರು ಈಶ್ವರ, ಅದರ ಜೊತೆಗೆ ಮನೆತನದ ಹೆಸರಿನ ಮೊದಲಕ್ಷರ ಕೆ. 2009ರಲ್ಲಿ ಮಂಗಳೂರಿನ ಶಾಖೆಯಲ್ಲಿ ಐದು ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದಾಗ ನಮ್ಮ ಹಳೆಯ ಪದ್ಧತಿಯಂತೆ 'ಕೆ.' ಮೊದಲು ಬಂತು, ಆಮೇಲೆ ಹೆಸರು, ಅದೂ ಐ ಅಕ್ಷರದಿಂದ ಆರಂಭವಾಗುವ Ishwara. ಕೆಲವು ವರ್ಷಗಳ ನಂತರ ಆಧಾರ್ ನೋಂದಣಿಗೆ ಹೋದಾಗ ಯಂತ್ರದ ಮುಂದೆ ಕುಳಿತಿದ್ದವನು ಮಲಯಾಳ ಬರೆಯುವ ರೂಢಿಯಲ್ಲಿ Easwaran K ಎಂದು ಹೊಡೆದ. ಮಲಯಾಳದಲ್ಲಿ ಗಂಡಸರ ಹೆಸರಿಗೆ ಕೊನೆಯಲ್ಲಿ 'ನ್' ಸೇರುವುದು ಸಹಜ, ಇನಿಶಿಯಲ್ ಹೆಸರಿನ ಹಿಂದೆ ಬರುವುದೂ ಸಹಜ, ಅವನ ತಪ್ಪೇನೂ ಇರಲಿಲ್ಲ. 'ಒಂದು ನ್ ಹೆಚ್ಚಾದರೆ ಏನಂತೆ' ಎಂದು ಇವರು ಮನೆಗೆ ಬಂದು ನಕ್ಕಿದ್ದರು. ಕಾಸರಗೋಡಿನ ಅರ್ಧ ಜನ ಕಾಯಿಲೆ ಜೋರಾದರೆ ತಲಪಾಡಿ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೇ ಹೋಗುವುದು. ಇವರೂ ಅಲ್ಲಿಯೇ, 2025ರ ಜೂನ್ 11ರಂದು ತೀರಿಕೊಂಡರು. ಮರಣವು ಸಂಭವಿಸಿದ ಊರಿನಲ್ಲೇ ನೋಂದಣಿಯಾಗಬೇಕಾದ್ದರಿಂದ ಮರಣ ಪ್ರಮಾಣಪತ್ರವೂ ಮಂಗಳೂರಿನದೇ. ಅದರಲ್ಲಿ ಕನ್ನಡದಲ್ಲಿ ಈಶ್ವರ ಕೆ. ಎಂದಿದೆ, ಇಂಗ್ಲಿಷಿನಲ್ಲಿ Eshwara K.

ಈಗ ನೋಡು, ಕನ್ನಡದಲ್ಲಿ ಎಲ್ಲ ಕಡೆಯೂ ಅವರು ಒಬ್ಬರೇ ಈಶ್ವರ. ಇಂಗ್ಲಿಷಿಗೆ ಹೋದ ಕೂಡಲೇ ಮೂವರಾದರು. ಪಾಲಿಸಿ ಇರುವವರೊಬ್ಬರು, ಗುರುತಿನ ಚೀಟಿ ಇರುವವರೊಬ್ಬರು, ತೀರಿಕೊಂಡವರು ಇನ್ನೊಬ್ಬರು.

ಜುಲೈ 7ರಂದು ನಾನು ಕೊಟ್ಟ ಮೊದಲ ಪತ್ರ ಒಂದೇ ಪುಟದ್ದು. ಪಾಲಿಸಿ ಸಂಖ್ಯೆ, ಮರಣದ ದಿನ, ಸ್ಥಳ ಮತ್ತು ಕಾರಣ, ನಾನು ಅವರ ಪತ್ನಿ ಮತ್ತು ನಾಮಿನಿ ಎಂಬ ಒಂದು ಸಾಲು, ಹಣ ಜಮೆಯಾಗಬೇಕಾದ ಖಾತೆಯ ವಿವರ. ಕೆಳಗೆ ಲಗತ್ತುಗಳು: ಭರ್ತಿ ಮಾಡಿದ ಕ್ಲೇಮ್ ನಮೂನೆ, ಮೂಲ ಪಾಲಿಸಿ ಬಾಂಡ್, ಮರಣ ಪ್ರಮಾಣಪತ್ರ, ಆಸ್ಪತ್ರೆಯ ಕೊನೆಯ ಸಾರಾಂಶ, ಇಬ್ಬರ ಆಧಾರ್ ಪ್ರತಿ, ನನ್ನ ಪ್ಯಾನ್ ಪ್ರತಿ, ರದ್ದುಪಡಿಸಿದ ಚೆಕ್ಕಿನ ಹಾಳೆ. ಪ್ರತಿಯೊಂದರ ಮುಂದೆ ಅದು ಮೂಲವೋ ನಕಲೋ ಎಂದು ಬರೆದೆ. ಮೂಲ ಬಾಂಡ್ ಒಮ್ಮೆ ಅವರ ಕೈಸೇರಿದ ಮೇಲೆ ನಮ್ಮಲ್ಲಿ ಉಳಿಯುವ ಸಾಕ್ಷ್ಯ ಆ ಪಟ್ಟಿಯ ಮೇಲೆ ಬೀಳುವ ಮೊಹರು ಮಾತ್ರ. ಆದ್ದರಿಂದ ಬಾಂಡಿನ ಎಲ್ಲ ಪುಟಗಳ ನೆರಳಚ್ಚು ತೆಗೆಸಿಟ್ಟುಕೊಂಡು, ಪತ್ರದ ಎರಡನೆಯ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಂಡೇ ಶಾಖೆಯಿಂದ ಹೊರಬಂದೆ. ಮೇಜಿನ ಹಿಂದಿದ್ದವರು 'ಅದೆಲ್ಲ ಬೇಡಮ್ಮ, ಕಂಪ್ಯೂಟರಿನಲ್ಲಿ ಇರುತ್ತದೆ' ಎಂದರು. ಇರಬಹುದು, ಆದರೆ ಕಂಪ್ಯೂಟರ್ ಅವರದು.

ನಾನು ಮಾಡಿದ ತಪ್ಪೊಂದಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹೆಸರಿನ ವ್ಯತ್ಯಾಸವನ್ನು ಮೊದಲ ಪತ್ರದಲ್ಲಿ ನಾನಾಗಿಯೇ ಹೇಳಲಿಲ್ಲ, ಅವರು ಗಮನಿಸಲಾರರು ಎಂದುಕೊಂಡೆ. ಆಗಸ್ಟ್ 4ರಂದು ಅವರ ಪತ್ರ ಬಂತು, 'ಜೀವವಿಮೆ ಪಡೆದವರ ಹೆಸರು ದಾಖಲೆಗಳಲ್ಲಿ ಹೊಂದಾಣಿಕೆಯಾಗುತ್ತಿಲ್ಲ.' ಯಾವ ದಾಖಲೆ ಕೊಟ್ಟರೆ ಹೊಂದುತ್ತದೆ ಎಂಬುದು ಅದರಲ್ಲಿ ಇರಲಿಲ್ಲ.

ಮೂರರಲ್ಲಿ ಒಂದನ್ನು ತಿದ್ದಿಸಿಬಿಡಬಾರದೇ ಎಂದು ನೀನು ಕೇಳಬಹುದು. ತೀರಿಕೊಂಡವರ ಆಧಾರ್ ತಿದ್ದಿಸಲು ಬೆರಳಚ್ಚು ಕೊಡುವವರು ಯಾರು? ಮರಣ ಪ್ರಮಾಣಪತ್ರದ ತಪ್ಪನ್ನು ನೋಂದಣಾಧಿಕಾರಿ ತಿದ್ದಬಹುದು, ಅದಕ್ಕೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಪ್ರಕರಣದಲ್ಲಿ ಅವಕಾಶವಿದೆ. ಆದರೆ ಆಸ್ಪತ್ರೆಯಿಂದ ಹೋದ ವರದಿಯಲ್ಲೇ ಹೆಸರು ಹಾಗಿರುವಾಗ ಮೊದಲು ಆಸ್ಪತ್ರೆಯ ಬಾಗಿಲು ತಟ್ಟಬೇಕು. ಅಷ್ಟು ಮಾಡಿದರೂ ಆಧಾರಿನ 'ನ್' ಉಳಿದೇ ಉಳಿಯುತ್ತದೆ. ಆದ್ದರಿಂದ ಯಾವುದನ್ನೂ ತಿದ್ದಲು ಹೋಗದೆ, ಮೂರು ಹೆಸರೂ ಒಬ್ಬರದೇ ಎಂದು ಸ್ಥಾಪಿಸುವ ದಾರಿ ಹಿಡಿದೆ.

ಆಗಸ್ಟ್ 14ರಂದು ಕೊಟ್ಟ ಎರಡನೆಯ ಪತ್ರದಲ್ಲಿ ನಾನು ಬರೆದ ಮುಖ್ಯ ಭಾಗ ಹೀಗಿತ್ತು: "ಪಾಲಿಸಿಯಲ್ಲಿ Ishwara, ಆಧಾರಿನಲ್ಲಿ Easwaran, ಮರಣ ಪ್ರಮಾಣಪತ್ರದಲ್ಲಿ Eshwara ಎಂದಿರುವ ಮೂವರೂ ಒಬ್ಬರೇ ಆಗಿದ್ದು, ಅವರು ನನ್ನ ಪತಿ. ಪಾಲಿಸಿ ಮತ್ತು ಆಧಾರ್ ಎರಡರಲ್ಲಿಯೂ ಜನ್ಮದಿನಾಂಕ ಒಂದೇ ಆಗಿದೆ. ಮೂರು ದಾಖಲೆಗಳಲ್ಲಿಯೂ ಮನೆಯ ವಿಳಾಸ ಒಂದೇ ಆಗಿದೆ. ತಮ್ಮಲ್ಲೇ ಇರುವ ಮೂಲ ಪ್ರಸ್ತಾವ ಅರ್ಜಿಯಲ್ಲಿ ಅವರು ಕನ್ನಡದಲ್ಲಿ ಸಹಿ ಮಾಡಿದ್ದಾರೆ. ಆ ಸಹಿಯಲ್ಲಿರುವ ಹೆಸರನ್ನು ಮರಣ ಪ್ರಮಾಣಪತ್ರದ ಕನ್ನಡ ಭಾಗದ ಹೆಸರಿನೊಂದಿಗೆ ಹೋಲಿಸಿ ನೋಡಬೇಕಾಗಿ ವಿನಂತಿ." ಇದರೊಂದಿಗೆ ನೋಟರಿಯ ಮುಂದೆ ಮಾಡಿದ ಅಫಿಡವಿಟ್, ಅವರ ಶಾಲೆಯ ಪ್ರಮಾಣಪತ್ರದ ನಕಲು ಸೇರಿಸಿದೆ. ಕನ್ನಡ ಸಹಿ ಹಣವನ್ನು ತಡೆಯಿತು ಎಂದು ನೀನು ಹೇಳಿದೆಯಲ್ಲ, ಆ ಮೂವರನ್ನು ಒಬ್ಬರನ್ನಾಗಿಸಲು ನನ್ನ ಬಳಿ ಇದ್ದ ಗಟ್ಟಿ ಸಾಕ್ಷಿ ಅದೊಂದೇ.

ಅಫಿಡವಿಟ್ ನೋಡಿದವರು ಕೇರಳದ ಛಾಪಾ ಕಾಗದ ಇಲ್ಲಿ ನಡೆಯುವುದೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಸಹಿ ಮಾಡಿದ ರಾಜ್ಯದ ಛಾಪಾ ಕಾಗದವೇ ಇರಬೇಕಲ್ಲವೇ ಎಂದೆ. ಕರ್ನಾಟಕದ ಕಾಗದ ತಂದಿದ್ದರೆ ಅದನ್ನೂ ಕೇಳುತ್ತಿದ್ದರೇನೋ. ಆಗಸ್ಟ್ 29ಕ್ಕೆ ಮತ್ತೊಂದು ಪತ್ರ ಬಂತು, ಅಫಿಡವಿಟ್ ಸಾಲದು, ಕಂದಾಯ ಅಧಿಕಾರಿಯ ಪ್ರಮಾಣಪತ್ರ ಬೇಕು. ಕೇರಳದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಎರಡು ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸರ್ ಕೊಡುತ್ತಾರೆ, ಅರ್ಜಿಯನ್ನು ಇ-ಡಿಸ್ಟ್ರಿಕ್ಟ್ ಮೂಲಕ ಹಾಕಬಹುದು. ನಮ್ಮ ವಿಲೇಜ್ ಆಫೀಸಿನವರು ಮನೆಗೇ ಬಂದು ನೆರೆಯವರನ್ನು ವಿಚಾರಿಸಿ ಸೆಪ್ಟೆಂಬರ್ 12ಕ್ಕೆ ಅದನ್ನು ಕೊಟ್ಟರು. ಆದರೆ ಅದು ಮಲಯಾಳದಲ್ಲಿತ್ತು, ಮಂಗಳೂರಿನ ಮೇಜಿನಲ್ಲಿ ಓದುವವರಿಲ್ಲ. ಅನುವಾದಿಸಿ ನೋಟರಿಯ ಮೊಹರು ಹಾಕಿಸಿ ಸೆಪ್ಟೆಂಬರ್ 22ರಂದು ಕೊಟ್ಟೆ. ನಮ್ಮೂರಿನಲ್ಲಿ ಕನ್ನಡದ ಕಾಗದವನ್ನು ಓದುವವರಿಲ್ಲವೆಂದು ಜೀವಮಾನವಿಡೀ ಜಗಳವಾಡಿದವಳು ನಾನು. ಗಡಿಯ ಆಚೆ ಬಂದು ಮಲಯಾಳದ ಕಾಗದ ಹಿಡಿದು ನಿಂತಿದ್ದೆ.

ಮೊದಲ ಸಲವೇ ಎಲ್ಲವನ್ನೂ ಕೇಳಿದ್ದರೆ ಈ ಎರಡು ತಿಂಗಳು ಉಳಿಯುತ್ತಿತ್ತು. ಬೇಕಾದ ಕಾಗದಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಒಮ್ಮೆಲೇ, ಕ್ಲೇಮ್ ಬಂದ 15 ದಿನದೊಳಗೆ ಕೇಳಬೇಕು, ತುಂಡು ತುಂಡಾಗಿ ಕೇಳಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ನಿಯಮಗಳೇ ಹೇಳಿದ್ದವು. 2024ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ ತನಿಖೆ ಬೇಕಿಲ್ಲದ ಮರಣ ಕ್ಲೇಮನ್ನು 15 ದಿನಗಳಲ್ಲಿ, ತನಿಖೆ ಬೇಕಾದುದನ್ನು 45 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ತನಿಖೆಯ ಮಾತು ಬರುವುದು ಹೆಚ್ಚಾಗಿ ಪಾಲಿಸಿ ಮಾಡಿ ಮೂರು ವರ್ಷದೊಳಗೆ ಸಾವಾದರೆ. ಮೂರು ವರ್ಷ ಕಳೆದ ಪಾಲಿಸಿಯನ್ನು ವಿಮಾ ಕಾಯ್ದೆಯ 45ನೆಯ ಪ್ರಕರಣದಂತೆ ಪ್ರಶ್ನಿಸುವಂತಿಲ್ಲ, ನಮ್ಮದು ಹದಿನಾರು ವರ್ಷದ್ದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪಾಲಿಸಿ ಪಡೆಯುವಾಗ ಸುಳ್ಳು ಹೇಳಿದರು ಎಂಬ ಆಕ್ಷೇಪಕ್ಕೆ ಆ ಪ್ರಕರಣ ತಡೆಯಾಗುತ್ತದೆಯೇ ಹೊರತು, ತೀರಿಕೊಂಡವರು ಇವರೇ ಹೌದೇ ಎಂಬ ಪ್ರಶ್ನೆಗೆ ತಡೆಯಾಗುವುದಿಲ್ಲ. ಹಾಗಾಗಿ 45ನೆಯ ಪ್ರಕರಣವನ್ನು ಎತ್ತಿ ವಾದಿಸದೆ ಹೆಸರಿನ ಮೇಲೆಯೇ ಪತ್ರವನ್ನು ನಿಲ್ಲಿಸಿದೆ.

ಕೊನೆಯ ಕಾಗದ ಕೊಟ್ಟ ದಿನದಿಂದ ಎಣಿಸಿದರೆ ಅಕ್ಟೋಬರ್ 7ಕ್ಕೆ 15 ದಿನ ತುಂಬಿತು, ಹಣ ಬರಲಿಲ್ಲ. ಅಕ್ಟೋಬರ್ 13ರಂದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರದಲ್ಲಿ ದುಃಖದ ಒಂದು ಸಾಲನ್ನೂ ಸೇರಿಸಲಿಲ್ಲ. ಯಾವ ದಿನ ಏನು ಕೊಟ್ಟೆ, ಯಾವ ದಿನ ಏನು ಕೇಳಿದಿರಿ, ಈಗ ಏನು ಬಾಕಿ ಇದೆ ಎಂದು ಲಿಖಿತವಾಗಿ ತಿಳಿಸಿರಿ, ಅಷ್ಟೇ. ಎರಡು ವಾರ ಕಾದು ಅಕ್ಟೋಬರ್ 30ರಂದು ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣದಲ್ಲಿ ದೂರು ದಾಖಲಿಸಿದೆ. ಅದಾದ ಮೇಲೆ ಉಳಿಯುವುದು ವಿಮಾ ಲೋಕಪಾಲರು. ಅಲ್ಲಿ ವಕೀಲರೂ ಬೇಡ, ಶುಲ್ಕವೂ ಇಲ್ಲ. ಯಾವ ಊರಿನ ಲೋಕಪಾಲರು ಎಂಬುದನ್ನು ಕಂಪನಿಯ ಶಾಖೆ ಇರುವ ಜಾಗ ಅಥವಾ ದೂರುದಾರರು ವಾಸಿಸುವ ಜಾಗ ನೋಡಿ ನಿರ್ಧರಿಸಬಹುದು ಎಂದು ನಿಯಮ ಹೇಳುತ್ತದೆ. ಶಾಖೆ ಮಂಗಳೂರಿನಲ್ಲಿದೆ, ಆದ್ದರಿಂದ ಬೆಂಗಳೂರು ನನ್ನದು. ಮನೆ ಕಾಸರಗೋಡಿನಲ್ಲಿದೆ, ಆದ್ದರಿಂದ ಕೊಚ್ಚಿಯೂ ನನ್ನದು. 1956ರ ನವೆಂಬರ್ 1ರಿಂದ ಈಚೆಗೆ ನಮ್ಮನ್ನು ಎರಡೂ ಕಡೆಯವರು ತಮ್ಮವರೆಂದು ಕಾಗದದಲ್ಲಿ ಒಪ್ಪಿದ್ದು ಇದೊಂದರಲ್ಲೇ ಇರಬೇಕು.

ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ನವೆಂಬರ್ 17ರಂದು ಹಣ ಖಾತೆಗೆ ಬಂತು, ಹಿಂದೆಯೇ ಇತ್ಯರ್ಥದ ಪತ್ರವೂ ಬಂತು. ಅದರಲ್ಲಿ ಹೆಸರು Eswaran ಎಂದಿದೆ, ನಾಲ್ಕನೆಯ ಈಶ್ವರ. ಅದನ್ನು ಬಿಟ್ಟುಬಿಟ್ಟೆ. ಆದರೆ ಅಕ್ಟೋಬರ್ 7ರಿಂದ ನವೆಂಬರ್ 17ರವರೆಗೆ ಆದ 41 ದಿನಗಳ ವಿಳಂಬಕ್ಕೆ ಬಡ್ಡಿ ಅದರಲ್ಲಿಲ್ಲ. ವಿಳಂಬವಾದರೆ ಬ್ಯಾಂಕ್ ದರಕ್ಕಿಂತ ಶೇಕಡಾ ಎರಡು ಹೆಚ್ಚಿನ ಬಡ್ಡಿಯನ್ನು ಕಂಪನಿ ಕೊಡಬೇಕು, ಅದನ್ನು ನಾವು ಕೇಳಬೇಕೆಂದೂ ಇಲ್ಲ. ದೊಡ್ಡ ಮೊತ್ತವೇನಲ್ಲ, ನಿನ್ನ ಕಡೆಗೆ ಒಮ್ಮೆ ಬಂದು ಹೋಗುವ ರೈಲಿನ ಖರ್ಚಿಗೆ ಸಾಕಾಗುತ್ತದೆ. ಅದಕ್ಕಾಗಿ ಐದನೆಯ ಪತ್ರ ನಿನ್ನೆ ಬರೆದೆ. ವಿಷಯದ ಸಾಲಿನಲ್ಲಿ ನಾಲ್ಕೂ ಹೆಸರುಗಳನ್ನು ಒಂದರ ಪಕ್ಕ ಒಂದು ಬರೆದು, ಕೊನೆಯಲ್ಲಿ ಎಂದಿನಂತೆ ಕನ್ನಡದಲ್ಲಿ ಸಹಿ ಮಾಡಿದ್ದೇನೆ.