ಜುಲು ಕ್ಲಿಕ್ ಸಲೀಸು, ಇಂಗ್ಲಿಷ್ 'ವಿ' ಕಷ್ಟ!

ಪ್ರಶ್ನೆ: ದಕ್ಷಿಣ ಆಫ್ರಿಕಾದ ಜುಲು ಭಾಷೆಯಲ್ಲಿ ನಾಲಿಗೆಯಿಂದ ಲೊಚಗುಟ್ಟಿ ಆಡುವ ಕ್ಲಿಕ್ ಶಬ್ದಗಳು ಒಂದಕ್ಕಿಂತ ಒಂದು ಬೇರೆ ಅಂತ ಮೊದಲ ಸಲಕ್ಕೇ ಗೊತ್ತಾಯಿತು. ಇಂಗ್ಲಿಷಿನ 'ವಿ', 'ಡಬ್ಲ್ಯೂ' ಮಾತ್ರ ಇಷ್ಟು ವರ್ಷವಾದರೂ ಒಂದೇ ಥರ ಕೇಳಿಸುತ್ತವೆ. ಕಿವಿ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ಪಾಪ ಕಿವಿಯ ಮೇಲೇ ದೂರು. ಹೊರಗಿನ ಶಬ್ದ ಬಂದರೆ ನಾವು ಅದನ್ನು ನಮ್ಮ ಭಾಷೆಯ ಹತ್ತಿರದ ಶಬ್ದವಾಗಿ ಕೇಳಿಬಿಡುತ್ತೇವೆ. ಕ್ಯಾಥರೀನ್ ಬೆಸ್ಟ್ ಎಂಬ ಸಂಶೋಧಕಿ ಕಟ್ಟಿದ ಸಿದ್ಧಾಂತದ ತಿರುಳು ಇದೇ. ಎರಡು ಶಬ್ದಗಳು ನಮ್ಮ ಎರಡು ಬೇರೆ ಶಬ್ದಗಳಿಗೆ ಹೋಗಿ ಸೇರಿದರೆ ಸುಲಭ. ಎರಡೂ ಒಂದಕ್ಕೇ ಸರಿಸಮವಾಗಿ ಸೇರಿದರೆ ಕಷ್ಟ. ಒಂದು ಚೆನ್ನಾಗಿ, ಇನ್ನೊಂದು ಅರೆಬರೆ ಹೊಂದಿದರೆ ಕಷ್ಟ ಸ್ವಲ್ಪ ಕಮ್ಮಿ.

ಇಂಗ್ಲಿಷಿನ 'ವಿ'ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜುತ್ತದೆ. 'ಡಬ್ಲ್ಯೂ'ಗೆ ತುಟಿ ದುಂಡಗಾಗುತ್ತದೆ, ಹಲ್ಲಿಗೆ ಕೆಲಸವಿಲ್ಲ. ನಮ್ಮ 'ವ' ಇವೆರಡರ ನಡುವೆ ಎಲ್ಲೋ ಇದೆ, ಹಾಗಾಗಿ ಎರಡನ್ನೂ ನುಂಗಿಬಿಡುತ್ತದೆ. ಪಶುವೈದ್ಯ ಅನ್ನುವ ಇಂಗ್ಲಿಷ್ ಪದವೂ 'ವೆಟ್', ಒದ್ದೆ ಅನ್ನುವುದೂ 'ವೆಟ್'. ಅದೇ ತೆಳ್ಳಗೆ ಅನ್ನುವ 'ಥಿನ್', ಡಬ್ಬಿಯ 'ಟಿನ್' ನಿಮಗೆ ಗೊಂದಲವಾಗಲ್ಲ ಅಲ್ವಾ? ಅವಕ್ಕೆ ನಮ್ಮಲ್ಲಿ ಎರಡು ಜಾಗ ಇವೆ. ಇಂಗ್ಲಿಷಿನವರ ಪಾಡು ಉಲ್ಟಾ: ಅವರಿಗೆ 'ಕತ್ತು', 'ಕಟ್ಟು' ಎರಡೂ ಒಂದೇ.

ಕ್ಲಿಕ್ ಕಥೆ ಬೇರೆ. ಅದು ನಮ್ಮ ಯಾವ ಶಬ್ದಕ್ಕೂ ಹೊಂದುವುದಿಲ್ಲ, ಲೊಚಗುಟ್ಟಿದ ಹಾಗೆ ಸುಮ್ನೆ ಸದ್ದಾಗಿಯೇ ಉಳಿಯುತ್ತದೆ. ನುಂಗುವ ಅಕ್ಷರವೇ ಇಲ್ಲದಿದ್ದರೆ ವ್ಯತ್ಯಾಸ ಹಾಗೇ ಕೇಳಿಸುತ್ತದೆ. 1988ರಲ್ಲಿ ಬೆಸ್ಟ್ ತಂಡ ಪರೀಕ್ಷಿಸಿದಾಗ ಇಂಗ್ಲಿಷ್ ಮಾತಾಡುವವರೂ ಜುಲು ಕ್ಲಿಕ್‌ಗಳನ್ನು ಚೆನ್ನಾಗಿಯೇ ಗುರುತಿಸಿದರು.

ಪರೀಕ್ಷೆ ಬೇಕೇ ಬೇಕಾದರೆ ಹೀಗೆ ಮಾಡಿ. ವ್ಯತ್ಯಾಸ ಮಾಡಿ ಹೇಳಬಲ್ಲವರು ಬಾಯಿ ಮರೆಮಾಡಿ ಆ ಎರಡು 'ವೆಟ್'ಗಳನ್ನು ಕಲಸಿ 20 ಸಲ ಹೇಳಲಿ. ಸುಮಾರು 10 ಸರಿ ಬಂದರೆ ನೀವು ಊಹಿಸುತ್ತಿದ್ದೀರಿ ಅಂತಲೇ ಅರ್ಥ. ಬಾಯಿ ಕಾಣುವ ಹಾಗೆ ಮಾಡಿದರೆ ಅಂಕ ಏರುತ್ತದೆ, ಆದರೆ ಅದು ಕಣ್ಣಿನ ಅಂಕ. ಅಭ್ಯಾಸಕ್ಕೆ ಹಲವರ ದನಿ ಬೇಕು, ಪ್ರತಿ ಉತ್ತರಕ್ಕೂ ಸರಿ–ತಪ್ಪು ಆಗಲೇ ಗೊತ್ತಾಗಬೇಕು. ಒಬ್ಬರದೇ ದನಿ ಕೇಳಿದರೆ ಆ ಒಬ್ಬರ ದನಿ ಕಲಿಯುತ್ತೀರಿ, ಅಷ್ಟೇ. ಜಪಾನೀಯರಿಗೆ ಇಂಗ್ಲಿಷಿನ 'ರ'–'ಲ' ಹೀಗೇ ಕಲಿಸಿದ್ದಾರೆ. ಸುಧಾರಣೆ ಆಯಿತು, ಆದರೆ ಇಂಗ್ಲಿಷಿನವರ ಮಟ್ಟಕ್ಕೆ ಬರಲಿಲ್ಲ.

ಪ್ರಶ್ನೆ: ಕಿವಿಗೆ ಎಣ್ಣೆ ಬಿಟ್ಟರೆ ಉಚ್ಚಾರ ಸ್ಪಷ್ಟವಾಗಿ ಕೇಳಿಸುತ್ತದಂತೆ, ಹೌದಾ?

ಉತ್ತರ: ಇಲ್ಲ. ಹಾಗೆಂದು ಮಾರುವವರನ್ನು ಬಾಗಿಲಿನಿಂದಲೇ ಕಳಿಸಿ.

ಪ್ರಶ್ನೆ: ಮಗುವಿಗೆ ಒಂಬತ್ತು ತಿಂಗಳು. ವಿದೇಶಿ ಭಾಷೆಯ ವಿಡಿಯೊ ಹಾಕಲಾ?

ಉತ್ತರ: ಹಾಕಬೇಡಿ. 2003ರಲ್ಲಿ ಪ್ಯಾಟ್ರಿಶಿಯಾ ಕುಲ್ ಎಂಬ ಸಂಶೋಧಕಿಯ ತಂಡ ಇದೇ ವಯಸ್ಸಿನ ಅಮೆರಿಕದ ಮಕ್ಕಳ ಮೇಲೆ ಪ್ರಯೋಗ ಮಾಡಿತು. ಎದುರು ಕೂತು ಚೀನಿ ಭಾಷೆಯಲ್ಲಿ ಆಡಿಸಿದಾಗ ಮಕ್ಕಳು ಆ ಶಬ್ದಗಳನ್ನು ಬೇರೆ ಮಾಡಲು ಕಲಿತರು. ಅದನ್ನೇ ವಿಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ.