ಕ್ಯಾಸೆಟ್ಟಿನಲ್ಲಿ ಕಾಣುವುದು, ಕಾಣದಿರುವುದು

"ಗದಗಿನ ಮನೆಯೊಂದರವರು 1993ರ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡುವ ಕಥೆ ಇದು. ಅತ್ತೆಯ ಗುಟ್ಟು ಬಯಲಾಗುವ ಭಾಗ ನಂಬುವಂತಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಎಲ್ಲಿ ಎಡವಿದ್ದೇನೆ?"

ಗೆಳೆಯರ ಅನುಮಾನ ಸರಿಯಾಗಿದೆ. ಆಯೇರಿಯ ರಾಶಿಯಲ್ಲಿದ್ದ ತಂಬಿಗೆಯ ಮೇಲೆ ಕೆತ್ತಿದ ಹೆಸರನ್ನು ಮದುಮಕ್ಕಳ ಮಗಳು ಪರದೆಯ ಮೇಲೆ ಹಿಗ್ಗಿಸಿ ಓದುತ್ತಾಳೆ. ಅವಳ ಅತ್ತೆಗೆ, ಅಂದರೆ ತಂದೆಯ ತಂಗಿಗೆ, ವಧುವಿನ ಅಣ್ಣನೊಂದಿಗೆ ಗೊತ್ತಾಗಿ ಮುರಿದುಹೋಗಿದ್ದ ಸಂಬಂಧ ಅದರಿಂದ ಹೊರಬೀಳುತ್ತದೆ. ಆದರೆ ವಿಎಚ್‌ಎಸ್ ಕ್ಯಾಸೆಟ್ಟು ಚಿತ್ರದ ಅಗಲದಲ್ಲಿ ಹಿಡಿದಿಡುವ ವಿವರ ಸುಮಾರು 240 ಗೆರೆಗಳಷ್ಟು ಮಾತ್ರ. ಇಡೀ ವೇದಿಕೆ ಕಾಣುವ ದೃಶ್ಯದಲ್ಲಿ ತಂಬಿಗೆಯ ಪಾಲಿಗೆ ಬರುವುದು ಬೆರಳೆಣಿಕೆಯ ಗೆರೆಗಳಾದ್ದರಿಂದ, ಎಷ್ಟು ಹಿಗ್ಗಿಸಿದರೂ ಅಕ್ಷರ ಮೂಡುವುದಿಲ್ಲ, ಮಸುಕೇ ದೊಡ್ಡದಾಗುತ್ತದೆ.

ಆದರೆ ಐದನೆಯ ಪುಟದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಹೋದ ಸಂಗತಿಯೊಂದಿದೆ: ಅಕ್ಕಿಕಾಳು ಬೀಳುವಾಗ ಮುಂದಿನ ಸಾಲಿನಲ್ಲಿ ನಿಂತ ಅತ್ತೆ ಕಾಳು ಹಾಕುವುದಿಲ್ಲ. ಕಥೆ ಇರುವುದು ಅಲ್ಲಿ. ನಮ್ಮಲ್ಲಿಯ ಕ್ಯಾಸೆಟ್ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮುಗಳಿದ್ದು, ಪ್ರತಿಯೊಂದು ಫ್ರೇಮೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಹಿಂದುಮುಂದಾಗಿ ತೆಗೆದ ಎರಡು ಅರ್ಧಚಿತ್ರಗಳನ್ನು ಗೆರೆ ಬಿಟ್ಟು ಗೆರೆ ಹೆಣೆದು ಆದದ್ದು. ಹೀಗಾಗಿ ಕ್ಯಾಮೆರಾ ಅಲುಗದೆ ನಿಂತಿದ್ದಾಗ, ಕಾಳು ಎರಚುತ್ತಿರುವ ಕೈಗಳ ಅಂಚೆಲ್ಲ ಬಾಚಣಿಕೆಯ ಹಲ್ಲಿನಂತೆ ಒಡೆದು ಕಾಣುತ್ತದೆ. ಎದೆಯ ಮಟ್ಟದಲ್ಲಿ ಹಿಡಿದ ಅತ್ತೆಯ ಮುಷ್ಟಿಯ ಅಂಚು ಮಾತ್ರ ಒಡೆಯುವುದಿಲ್ಲ. ಕ್ಯಾಮೆರಾ ಅವರ ಮೇಲೆ ನಿಲ್ಲುವುದು ಎರಡು ಸೆಕೆಂಡು ಎಂದು ನೀವೇ ಬರೆದಿದ್ದೀರಿ. ಅಂದರೆ 50 ಫ್ರೇಮುಗಳು; ಮಗಳು ಅವನ್ನೆಲ್ಲ ದಾಟಿಸಿ, ಆ ಮುಷ್ಟಿ ಒಂದರಲ್ಲಿಯೂ ತೆರೆಯದಿರುವುದನ್ನು ನೋಡಲಿ. ಪಕ್ಕದಲ್ಲಿ ಕುಳಿತ ತಂದೆಯೂ ನೋಡಲಿ, ಮತ್ತು ತಂಗಿಯ ಆ ಸಂಬಂಧದ ಸಂಗತಿ ಅವರ ಬಾಯಿಂದಲೇ ಬರಲಿ.

ಇಷ್ಟು ವರ್ಷ ಇದು ಯಾರ ಕಣ್ಣಿಗೂ ಏಕೆ ಬೀಳಲಿಲ್ಲ ಎಂಬ ಪ್ರಶ್ನೆಗೂ ಯಂತ್ರದಲ್ಲಿಯೇ ಉತ್ತರವಿದೆ: ಮನೆಯ ಹಳೆಯ ವಿಸಿಆರ್‌ನಲ್ಲಿ ಚಿತ್ರ ನಿಲ್ಲಿಸಿದರೆ ಅಡ್ಡಪಟ್ಟಿಗಳು ಬಂದು ನಡುಗುತ್ತಿತ್ತು. ಒಂದು ಎಚ್ಚರಿಕೆ ಮಾತ್ರ ಇರಲಿ. ಇಳಿಸಿಕೊಡುವ ಅಂಗಡಿಯವರು ಸಾಮಾನ್ಯವಾಗಿ ಆ ಎರಡು ಅರ್ಧಚಿತ್ರಗಳನ್ನು ಬೆಸೆದು ಒಡಕನ್ನು ಅಳಿಸಿಯೇ ಫೈಲು ಕೊಡುತ್ತಾರೆ; ನಿಮ್ಮ ಪಾತ್ರ ಕ್ಯಾಸೆಟ್ಟಿನಿಂದ ಇಳಿದ ಮೂಲ ಫೈಲನ್ನೇ ಕೇಳಿ ತರಬೇಕು. ಮೂರು ತಾಸಿನ ಕ್ಯಾಸೆಟ್ಟು ಇಳಿಯಲು ಮೂರು ತಾಸೇ ಬೇಕಾದ್ದರಿಂದ, "ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು" ಎಂಬ ವಾಕ್ಯವನ್ನೂ ತೆಗೆಯಿರಿ.

ಅತ್ತೆಯ ಪಿಸುಮಾತು ಕೇಳಿಸುವ ಪ್ರಸಂಗವೂ ನಿಲ್ಲುವುದಿಲ್ಲ. ಅಕ್ಕಿಕಾಳಿನ ದೃಶ್ಯಕ್ಕೆ ಸ್ಟುಡಿಯೊದವರು ಸಿನಿಮಾ ಹಾಡು ಹಾಕಿದ್ದಾರೆಂದು ಎರಡನೆಯ ಪುಟದಲ್ಲಿ ನೀವೇ ಹೇಳಿದ್ದೀರಿ. ಹಾಡು ಕೂರಿಸಿದ ಪ್ರತಿಯಲ್ಲಿ ಮಂಟಪದ ಸದ್ದು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಮನೆಮಂದಿಯೆಲ್ಲ ಅತ್ತೆಯ ಫೋಟೊದ ಮುಂದೆ ಅಳುವ ಕೊನೆಯ ಪುಟವಂತೂ ಬೇಡವೇ ಬೇಡ.

ಈಗಿನ ರೂಪದಲ್ಲಿ ಕಥೆಯನ್ನು ಪ್ರಕಟಿಸಲಾರೆವು. ತಂಬಿಗೆಯನ್ನು ಬಿಟ್ಟು ಮುಷ್ಟಿಯ ಸುತ್ತ ತಿದ್ದಿ ಬರೆದರೆ, ಮತ್ತೊಮ್ಮೆ ಕಳುಹಿಸಿರಿ.